ಬ್ಯಾಂಕ್ ಖಾತೆಯ ನಿರ್ಣಯ: ನಮೂನೆ ಬ್ಯಾಂಕಿನದಾದರೂ ಮಾತು ಕಂಪನಿಯದಾಗಿರಲಿ

ಖಾಸಗಿ ನಿಯಮಿತ ಕಂಪನಿಯೊಂದು ಚಾಲ್ತಿ ಖಾತೆ ತೆರೆಯಲು ಹೋದಾಗ ಬ್ಯಾಂಕು ನೋಂದಣಿ ಪ್ರಮಾಣಪತ್ರ, ಮೆಮೊರಾಂಡಮ್ ಮತ್ತು ಆರ್ಟಿಕಲ್ಸ್, ಕಂಪನಿಯ ಪ್ಯಾನ್ ಇವುಗಳೊಡನೆ ನಿರ್ದೇಶಕ ಮಂಡಳಿಯ ನಿರ್ಣಯದ ದೃಢೀಕೃತ ಪ್ರತಿಯನ್ನು ಕೇಳುತ್ತದೆ. ಬಹುತೇಕ ಶಾಖೆಗಳು ಈ ನಿರ್ಣಯದ ಮುದ್ರಿತ ನಮೂನೆಯನ್ನೂ ತಾವೇ ಕೊಡುತ್ತವೆ. ನಿರ್ದೇಶಕರು ಖಾಲಿ ಜಾಗಗಳಲ್ಲಿ ಹೆಸರು ತುಂಬಿ, ಮೊಹರು ಒತ್ತಿ, ಅಂದೇ ಹಿಂದಿರುಗಿಸುತ್ತಾರೆ. ಸಭೆ ನಡೆದಿರುವುದಿಲ್ಲ, ನಡಾವಳಿ ಪುಸ್ತಕದಲ್ಲಿ ಒಂದು ಸಾಲೂ ಇರುವುದಿಲ್ಲ. ಖಾತೆ ಮಾತ್ರ ತೆರೆದಿರುತ್ತದೆ. ಕಂಪನಿಯ ಹಣವನ್ನು ಯಾರು, ಯಾವ ಮಿತಿಯೊಳಗೆ ತೆಗೆಯಬಹುದು ಎಂಬುದನ್ನು ನಿರ್ಧರಿಸುವ ಏಕೈಕ ದಾಖಲೆಯನ್ನು ಬ್ಯಾಂಕಿನ ಮುದ್ರಕನಿಗೆ ಬಿಟ್ಟುಕೊಡುವ ಈ ರೂಢಿ ಸಣ್ಣ ಉದ್ಯಮಗಳಿಗೆ ದುಬಾರಿಯಾಗಿ ಪರಿಣಮಿಸುತ್ತಿದೆ.

ಒಂದು ಉದಾಹರಣೆಯನ್ನು ಪರಿಶೀಲಿಸಬಹುದು. ಬೆಂಗಳೂರಿನ ಪೀಣ್ಯದಂತಹ ಕೈಗಾರಿಕಾ ಪ್ರದೇಶದಲ್ಲಿ ಯಂತ್ರಭಾಗಗಳನ್ನು ತಯಾರಿಸುವ ಕಂಪನಿಯೊಂದಿದೆ ಎಂದಿಟ್ಟುಕೊಳ್ಳಲಾಗಲಿ. ಅಣ್ಣ ವ್ಯವಸ್ಥಾಪಕ ನಿರ್ದೇಶಕ. ತಮ್ಮ ಮತ್ತು ಅಣ್ಣನ ಮಗ ಇತರ ನಿರ್ದೇಶಕರು. ಬ್ಯಾಂಕಿನ ನಮೂನೆಯಲ್ಲಿ ಮೂವರ ಹೆಸರನ್ನೂ ಬರೆದು, ‘ಯಾರಾದರೂ ಒಬ್ಬರು’ ಎಂಬ ಚೌಕದಲ್ಲಿ ಗುರುತು ಹಾಕಲಾಯಿತು. ಕೆಲವು ವರ್ಷಗಳ ಬಳಿಕ ತಮ್ಮ ಬೇರೆಯಾಗಿ ಜೂನ್ 30ರಂದು ರಾಜೀನಾಮೆಯಿತ್ತ. ಅದಕ್ಕೆ ಮುನ್ನ ಆತ ಉಕ್ಕಿನ ಸರಬರಾಜುದಾರನಿಗೆ ಜುಲೈ 15ರ ದಿನಾಂಕದ 4,80,000 ರೂಪಾಯಿಗಳ ಚೆಕ್ಕಿಗೆ ಸಹಿ ಮಾಡಿ ಕೊಟ್ಟಿದ್ದ. ಉಳಿದ ನಿರ್ದೇಶಕರು ಜುಲೈ 10ರಂದು ‘ತಮ್ಮನ ಸಹಿಯನ್ನು ರದ್ದುಪಡಿಸಿ’ ಎಂದು ಬ್ಯಾಂಕಿಗೆ ಬರೆದರು. ಖಾತೆಯಲ್ಲಿ ಹಣವಿದ್ದರೂ ಚೆಕ್ಕು ಹಿಂದಿರುಗಿತು. ಸರಬರಾಜುದಾರ ಕಾನೂನು ನೋಟೀಸು ಕಳುಹಿಸಿದ.

‘ಹಣವಿಲ್ಲದೆ ಚೆಕ್ಕು ಮರಳಿದರೆ ಮಾತ್ರ ಮೊಕದ್ದಮೆ, ಸಹಿಯ ಕಾರಣಕ್ಕೆ ಮರಳಿದರೆ ಭಯವಿಲ್ಲ’ ಎಂಬ ನಂಬಿಕೆ ವ್ಯಾಪಾರಿ ವಲಯದಲ್ಲಿ ಇನ್ನೂ ಉಳಿದಿದೆ. ಅದು ಸರಿಯಲ್ಲ. 2012ರಲ್ಲಿ ಸರ್ವೋಚ್ಚ ನ್ಯಾಯಾಲಯವು ಲಕ್ಷ್ಮಿ ಡೈಕೆಮ್ ಪ್ರಕರಣದಲ್ಲಿ, ಸಹಿ ಮಾದರಿಗೆ ಹೊಂದದ ಅಥವಾ ಅಪೂರ್ಣವಾದ ಕಾರಣ ಚೆಕ್ಕು ಹಿಂದಿರುಗಿದರೂ ವರ್ಗಾವಣೀಯ ಲಿಖಿತಗಳ ಅಧಿನಿಯಮದ 138ನೆಯ ಕಲಮು ಅನ್ವಯಿಸಬಹುದೆಂದು ತೀರ್ಪಿತ್ತಿತು. ಸಹಿದಾರರನ್ನು ಬದಲಿಸುವ ಹಕ್ಕು ಕಂಪನಿಗಿದೆ. ಆದರೆ ಬದಲಾವಣೆಗೆ ಮುನ್ನ ಕೊಟ್ಟ ಚೆಕ್ಕುಗಳ ಹೊಣೆಯಿಂದ ಜಾರಿಕೊಳ್ಳಲು ಆ ಬದಲಾವಣೆ ದಾರಿಯಾಗದು. ನೋಟೀಸು ತಲುಪಿದ 15 ದಿನಗಳೊಳಗೆ ಮೊಬಲಗನ್ನು ಪಾವತಿಸುವುದೇ ಅಂತಹ ಕಂಪನಿಗೆ ಕ್ಷೇಮಕರ. ಆದ್ದರಿಂದ ಸಹಿದಾರನನ್ನು ಕೈಬಿಡುವ ನಿರ್ಣಯದಲ್ಲಿಯೇ ಆತ ಸಹಿ ಮಾಡಿದ, ಇನ್ನೂ ನಗದಾಗದ ಚೆಕ್ಕುಗಳ ಸಂಖ್ಯೆ ಮತ್ತು ಮೊಬಲಗನ್ನು ನಮೂದಿಸಿ, ಅವುಗಳನ್ನು ಮಾನ್ಯ ಮಾಡುವಂತೆ ಬ್ಯಾಂಕಿಗೆ ಸೂಚಿಸಬೇಕು. ಇಲ್ಲವೇ ಅವುಗಳನ್ನು ಹಿಂಪಡೆದು ಹೊಸ ಚೆಕ್ಕು ಕೊಡಬೇಕು.

ನಿರ್ಣಯದಲ್ಲಿ ಗಮನಿಸಬೇಕಾದ ಮೊದಲ ಅಂಶ, ಅಧಿಕಾರ ಯಾರಿಗೆ ಎಂಬುದು. ‘ಕಂಪನಿಯ ಯಾರಾದರೂ ಇಬ್ಬರು ನಿರ್ದೇಶಕರು’ ಎಂಬ ವಾಕ್ಯ ನೋಡಲು ಚೆನ್ನಾಗಿದೆ. ಆದರೆ ಬ್ಯಾಂಕಿನ ಕೌಂಟರಿನಲ್ಲಿ ಕುಳಿತವರಿಗೆ ಇಂದು ಯಾರು ನಿರ್ದೇಶಕರು ಎಂಬುದು ತಿಳಿಯದು. ಹೆಸರು, ಹುದ್ದೆ, ನಿರ್ದೇಶಕರಾದರೆ ಡಿನ್ ಸಂಖ್ಯೆ ಮತ್ತು ಮಾದರಿ ಸಹಿ ಇವೆಲ್ಲವೂ ನಿರ್ಣಯದಲ್ಲಿರಬೇಕು. ರಾಜೀನಾಮೆಯಾದಾಗ ಕಂಪನಿಗಳ ರಿಜಿಸ್ಟ್ರಾರರಿಗೆ 30 ದಿನಗಳೊಳಗೆ ಡಿಐಆರ್-12 ಸಲ್ಲಿಸಿದ ಮಾತ್ರಕ್ಕೆ ಬ್ಯಾಂಕಿನಲ್ಲಿರುವ ಮಾದರಿ ಸಹಿ ಅಳಿಸಿಹೋಗುವುದಿಲ್ಲ. ಬ್ಯಾಂಕಿಗೆ ಪ್ರತ್ಯೇಕ ನಿರ್ಣಯವೇ ತಲುಪಬೇಕು.

ಎರಡನೆಯ ಅಂಶ, ಅಧಿಕಾರ ಹೇಗೆ ಎಂಬುದು. ‘ಜಂಟಿಯಾಗಿ’ ಮತ್ತು ‘ಪ್ರತ್ಯೇಕವಾಗಿ’ ಎಂಬ ಎರಡು ಪದಗಳ ನಡುವೆ ಕಂಪನಿಯ ಸಂಪೂರ್ಣ ಹಣವಿದೆ. ಎಲ್ಲಕ್ಕೂ ಒಬ್ಬರ ಸಹಿ ಸಾಕೆಂದರೆ ತಡೆಯಿಲ್ಲ. ಎಲ್ಲಕ್ಕೂ ಇಬ್ಬರ ಸಹಿ ಬೇಕೆಂದು ಬರೆದು, ಇಬ್ಬರನ್ನೇ ಹೆಸರಿಸಿದರೆ, ಒಬ್ಬರು ಆಸ್ಪತ್ರೆ ಸೇರಿದ ದಿನ ಕಾರ್ಮಿಕರ ವೇತನ ನಿಲ್ಲುತ್ತದೆ. ಸಹಿದಾರರನ್ನು ಎರಡು ಗುಂಪುಗಳಾಗಿ ವಿಂಗಡಿಸಿ, ಸಣ್ಣ ಮೊಬಲಗಿಗೆ ಒಬ್ಬರು, ದೊಡ್ಡ ಮೊಬಲಗಿಗೆ ಗುಂಪಿಗೊಬ್ಬರಂತೆ ಇಬ್ಬರು ಎಂದು ನಿಗದಿಪಡಿಸುವುದು ಮಧ್ಯಮ ಮಾರ್ಗ. ಪ್ರತಿ ಗುಂಪಿನಲ್ಲಿಯೂ ಕನಿಷ್ಠ ಇಬ್ಬರಿದ್ದರೆ ಒಬ್ಬರ ಗೈರುಹಾಜರಿಯಿಂದ ಕೆಲಸ ಕೆಡದು.

ಇಲ್ಲಿಯೇ ಹೊಸದೊಂದು ಲೋಪ ನುಸುಳಿದೆ. ಹಳೆಯ ನಮೂನೆಗಳು ಚೆಕ್ಕು, ಡ್ರಾಫ್ಟು, ಹುಂಡಿಗಳನ್ನಷ್ಟೇ ಹೆಸರಿಸುತ್ತವೆ. ಇಂದು ಹಣ ಹೆಚ್ಚಾಗಿ ನೆಫ್ಟ್ ಮತ್ತು ಆರ್‌ಟಿಜಿಎಸ್ ಮೂಲಕ ಹರಿಯುತ್ತದೆ. ಚೆಕ್ಕಿಗೆ ಇಬ್ಬರ ಸಹಿ ಕಡ್ಡಾಯವೆಂದು ಎಚ್ಚರ ವಹಿಸಿದ ಕಂಪನಿಯಲ್ಲಿ ಇಂಟರ್‌ನೆಟ್ ಬ್ಯಾಂಕಿಂಗಿನ ಪಾಸ್‌ವರ್ಡು ಮತ್ತು ಓಟಿಪಿ ಬರುವ ಮೊಬೈಲು ಎರಡೂ ಒಬ್ಬ ಲೆಕ್ಕಿಗನ ಕೈಯಲ್ಲಿದ್ದರೆ ಆ ಎಚ್ಚರ ಕಾಗದದ ಮೇಲಷ್ಟೇ ಉಳಿಯುತ್ತದೆ. ಪಾವತಿಯನ್ನು ನಮೂದಿಸುವವರು ಯಾರು, ಅನುಮೋದಿಸುವವರು ಯಾರು ಎಂಬುದನ್ನು ನಿರ್ಣಯದಲ್ಲಿಯೇ ಹೆಸರಿಸಬೇಕು. ಅವರಿಬ್ಬರೂ ಬೇರೆ ಬೇರೆ ವ್ಯಕ್ತಿಗಳಾಗಿರಬೇಕು.

ಮೂರನೆಯದು ಅತಿ ಮುಖ್ಯವಾದುದು. ಅನೇಕ ಮುದ್ರಿತ ನಮೂನೆಗಳ ಕೊನೆಯ ಪ್ಯಾರಾಗಳಲ್ಲಿ ಓವರ್‌ಡ್ರಾಫ್ಟ್ ಪಡೆಯುವ, ಸರಕನ್ನು ಅಡವಿಡುವ, ಖಾತರಿ ನೀಡುವ ಅಧಿಕಾರವೂ ಅದೇ ಸಹಿದಾರರಿಗೆ ಸೇರಿಹೋಗಿರುತ್ತದೆ. ಖಾತೆ ತೆರೆಯುವುದು ಒಂದು, ಸಾಲ ಮಾಡುವುದು ಇನ್ನೊಂದು. ಕಂಪನಿಗಳ ಅಧಿನಿಯಮ 2013ರ 179(3)ನೆಯ ಕಲಮಿನಂತೆ ಸಾಲ ಪಡೆಯುವ ಅಧಿಕಾರವನ್ನು ಮಂಡಳಿಯು ತನ್ನ ಸಭೆಯಲ್ಲಿಯೇ ಚಲಾಯಿಸಬೇಕು. ಸಭೆಯಲ್ಲಿ ಅಂಗೀಕರಿಸಿದ ನಿರ್ಣಯದ ಮೂಲಕ, ಷರತ್ತುಗಳೊಂದಿಗೆ, ವ್ಯವಸ್ಥಾಪಕ ನಿರ್ದೇಶಕರಂತಹವರಿಗೆ ಅದನ್ನು ವಹಿಸಿಕೊಡಬಹುದು. ಓವರ್‌ಡ್ರಾಫ್ಟಿನ ಏರ್ಪಾಡು ಮಾಡಿಕೊಳ್ಳುವುದು ಸಾಲವೆನಿಸುತ್ತದೆಯೇ ಹೊರತು ಆ ಮಿತಿಯೊಳಗೆ ದಿನನಿತ್ಯ ಹಣ ತೆಗೆಯುವುದು ಪ್ರತ್ಯೇಕ ಸಾಲವೆನಿಸದು ಎಂದು ಅದೇ ಕಲಮಿನ ವಿವರಣೆ ತಿಳಿಸುತ್ತದೆ.

ಖಾತೆ ತೆರೆಯುವ ವಿಷಯ ಈ ಪಟ್ಟಿಯಲ್ಲಿಲ್ಲ. ಆದ್ದರಿಂದ ಅದನ್ನು 175ನೆಯ ಕಲಮಿನಂತೆ ಸುತ್ತೋಲೆಯ ಮೂಲಕವೂ ಅಂಗೀಕರಿಸಿ, ಮುಂದಿನ ಸಭೆಯಲ್ಲಿ ದಾಖಲಿಸಬಹುದು. ಆದರೆ ಸಾಲದ ಪ್ಯಾರಾ ಬೆರೆತ ನಮೂನೆಯನ್ನು ಸುತ್ತೋಲೆಯಲ್ಲಿ ಅಂಗೀಕರಿಸಿದರೆ ಆ ಭಾಗ ಅಧಿನಿಯಮಕ್ಕೆ ವಿರುದ್ಧವಾಗುತ್ತದೆ. ಸಾಲದ ಪ್ಯಾರಾಗಳನ್ನು ಹೊಡೆದುಹಾಕಿ, ಸಾಲ ಬೇಕಾದ ದಿನ ಮೊಬಲಗು ಹಾಗೂ ಭದ್ರತೆಯ ವಿವರಗಳೊಂದಿಗೆ ಪ್ರತ್ಯೇಕ ನಿರ್ಣಯ ಮಾಡುವುದೇ ಸರಿಯಾದ ಕ್ರಮ.

ಮೇಲಿನ ಕಂಪನಿಯು ಮೊದಲ ದಿನವೇ ಅಂಗೀಕರಿಸಬಹುದಾಗಿದ್ದ ನಿರ್ಣಯದ ಮಾತು ಹೀಗಿದೆ:

“ಕಂಪನಿಯ ಹೆಸರಿನಲ್ಲಿ ........ ಬ್ಯಾಂಕಿನ ........ ಶಾಖೆಯಲ್ಲಿ ಒಂದು ಚಾಲ್ತಿ ಖಾತೆಯನ್ನು ತೆರೆಯತಕ್ಕದ್ದೆಂದು ಈ ಮೂಲಕ ನಿರ್ಣಯಿಸಲಾಯಿತು.

ಸದರಿ ಖಾತೆಯ ಚೆಕ್ಕುಗಳಿಗೆ ಹಾಗೂ ಪಾವತಿ ಆದೇಶಗಳಿಗೆ, ಮೊಬಲಗು 50,000 ರೂಪಾಯಿಗಳನ್ನು ಮೀರದಿದ್ದಲ್ಲಿ ಈ ಕೆಳಗಿನ ಯಾರಾದರೂ ಒಬ್ಬರು ಪ್ರತ್ಯೇಕವಾಗಿಯೂ, ಮೀರಿದಲ್ಲಿ ‘ಅ’ ಗುಂಪಿನ ಒಬ್ಬರು ಮತ್ತು ‘ಆ’ ಗುಂಪಿನ ಒಬ್ಬರು ಜಂಟಿಯಾಗಿಯೂ ಸಹಿ ಮಾಡಲು ಅಧಿಕಾರ ಹೊಂದಿರತಕ್ಕದ್ದೆಂದು ಮುಂದುವರಿದು ನಿರ್ಣಯಿಸಲಾಯಿತು. ‘ಅ’ ಗುಂಪು: ಶ್ರೀ ........, ವ್ಯವಸ್ಥಾಪಕ ನಿರ್ದೇಶಕರು, ಡಿನ್ ........; ಶ್ರೀ ........, ನಿರ್ದೇಶಕರು, ಡಿನ್ ......... ‘ಆ’ ಗುಂಪು: ಶ್ರೀ ........, ನಿರ್ದೇಶಕರು, ಡಿನ್ ........; ಶ್ರೀಮತಿ ........, ಲೆಕ್ಕಪತ್ರ ವ್ಯವಸ್ಥಾಪಕರು.

ಇಂಟರ್‌ನೆಟ್ ಮೂಲಕ ಮಾಡುವ ಪಾವತಿಗಳನ್ನು, ಮೊಬಲಗು ಎಷ್ಟೇ ಇರಲಿ, ‘ಆ’ ಗುಂಪಿನವರು ನಮೂದಿಸತಕ್ಕದ್ದು ಮತ್ತು ‘ಅ’ ಗುಂಪಿನವರು ಅನುಮೋದಿಸತಕ್ಕದ್ದೆಂದು ಮುಂದುವರಿದು ನಿರ್ಣಯಿಸಲಾಯಿತು.

ಈ ನಿರ್ಣಯವು ಸದರಿ ಸಹಿದಾರರಿಗೆ ಸಾಲ ಪಡೆಯುವ, ಆಸ್ತಿಯನ್ನು ಭದ್ರತೆಯಾಗಿ ಒದಗಿಸುವ ಅಥವಾ ಖಾತರಿ ನೀಡುವ ಅಧಿಕಾರವನ್ನು ಕೊಡತಕ್ಕದ್ದಲ್ಲವೆಂದೂ, ಇದನ್ನು ರದ್ದುಪಡಿಸುವ ಅಥವಾ ಮಾರ್ಪಡಿಸುವ ನಿರ್ಣಯದ ದೃಢೀಕೃತ ಪ್ರತಿ ಬ್ಯಾಂಕಿಗೆ ತಲುಪುವವರೆಗೆ ಇದು ಜಾರಿಯಲ್ಲಿರತಕ್ಕದ್ದೆಂದೂ ಮುಂದುವರಿದು ನಿರ್ಣಯಿಸಲಾಯಿತು.”

ಇಲ್ಲಿನ ಮೊಬಲಗು ನಿದರ್ಶನಕ್ಕಾಗಿ ಮಾತ್ರ. ಪ್ರತಿ ಕಂಪನಿಯೂ ತನ್ನ ವಹಿವಾಟಿಗೆ ತಕ್ಕಂತೆ ಅದನ್ನು ನಿಗದಿಪಡಿಸಿಕೊಳ್ಳಬೇಕು. ‘ರಿಸಾಲ್ವ್ಡ್ ದಟ್’ ಎಂಬ ಇಂಗ್ಲಿಷ್ ವಾಡಿಕೆಯನ್ನೇ ಶಾಖೆಯು ಬಯಸಿದರೂ ವಾಕ್ಯಗಳ ಕ್ರಮ ಮತ್ತು ಅರ್ಥ ಇದೇ ಆಗಿರಲಿ. ಹಳೆಯ ಸಹಿದಾರರನ್ನು ಬದಲಿಸುವಾಗ ‘ಇಂತಹ ದಿನಾಂಕದ ಹಿಂದಿನ ನಿರ್ಣಯವನ್ನು ಅತಿಷ್ಠಿಸಿ’, ಅಂದರೆ ಅದನ್ನು ಪೂರ್ಣವಾಗಿ ತೆಗೆದುಹಾಕಿ, ಎಂಬ ಮಾತು ಆರಂಭದಲ್ಲಿಯೇ ಬರಬೇಕು. ಇಲ್ಲವಾದರೆ ಎರಡು ನಿರ್ಣಯಗಳೂ ಬ್ಯಾಂಕಿನ ಕಡತದಲ್ಲಿ ಒಟ್ಟಿಗೆ ಜೀವಂತವಾಗಿರುತ್ತವೆ.

ಮಾತು ಸರಿಯಿದ್ದರೆ ಸಾಲದು, ಸಭೆಯೂ ನಿಜವಾಗಿರಬೇಕು. ಸಭೆಗೆ ಸಾಮಾನ್ಯವಾಗಿ 7 ದಿನಗಳ ಲಿಖಿತ ಸೂಚನೆ ಅಗತ್ಯ. ಮೂವರು ನಿರ್ದೇಶಕರಿರುವ ಕಂಪನಿಗೆ ಇಬ್ಬರ ಕೋರಂ. ತಮ್ಮ ಹೊರಟುಹೋದ ಮೇಲೆ ಉಳಿದ ಇಬ್ಬರೂ ಹಾಜರಿರಲೇಬೇಕು. ನಡಾವಳಿಯನ್ನು 30 ದಿನಗಳೊಳಗೆ ಪುಸ್ತಕದಲ್ಲಿ ಬರೆಯಬೇಕು. ದೃಢೀಕೃತ ಪ್ರತಿಯೆಂದರೆ ಆ ಪುಸ್ತಕದಲ್ಲಿರುವುದರ ನಿಜಪ್ರತಿ. ಪುಸ್ತಕದಲ್ಲಿ ಇಲ್ಲದುದಕ್ಕೆ ‘ನಿಜಪ್ರತಿ’ ಎಂದು ಸಹಿ ಮಾಡುವ ನಿರ್ದೇಶಕ ತಾನೇ ಸುಳ್ಳು ದಾಖಲೆಯ ಕರ್ತೃವಾಗುತ್ತಾನೆ. ಪಾಲುದಾರರ ನಡುವೆ ವ್ಯಾಜ್ಯ ಬಂದಾಗ ಎದುರು ಪಕ್ಷದ ವಕೀಲರು ಮೊದಲು ಕೇಳುವುದು ಆ ಪುಸ್ತಕವನ್ನೇ.

ಈ ಸಂಚಿಕೆ ಓದಿದ ವಾರದೊಳಗೆ ಸದಸ್ಯ ಉದ್ಯಮಿಗಳು ಮಾಡಬಹುದಾದ ಒಂದು ಸಣ್ಣ ಪರೀಕ್ಷೆಯಿದೆ. ಪ್ರತಿ ಖಾತೆಯ ಈಗಿನ ಸಹಿದಾರರ ಹಾಗೂ ಇಂಟರ್‌ನೆಟ್ ಬಳಕೆದಾರರ ಪಟ್ಟಿಯನ್ನು ಬ್ಯಾಂಕಿನಿಂದ ಲಿಖಿತವಾಗಿ ಪಡೆದು, ಅದನ್ನು ನಡಾವಳಿ ಪುಸ್ತಕದೊಡನೆ ಹೋಲಿಸಿ ನೋಡಬೇಕು. ಕಂಪನಿ ಬಿಟ್ಟುಹೋದವರ ಹೆಸರು ಆ ಪಟ್ಟಿಯಲ್ಲಿ ಕಂಡುಬಂದರೆ ಮುಂದಿನ ಸಭೆಯ ಮೊದಲ ವಿಷಯ ಅದೇ ಆಗಿರಲಿ.