ಮೊದಲ ಸಾಲಲ್ಲೇ ದುಡ್ಡಿನ ಮಾತು

ಡೈರೆಕ್ಟರ್‌ಗೆ ಹೋಗುವ ರಿಪೋರ್ಟಿನ ಮೊದಲ ಪುಟಕ್ಕೆ ಎಕ್ಸಿಕ್ಯುಟಿವ್ ಸಮ್ಮರಿ ಅಂತ ದೊಡ್ಡ ಹೆಸರು. ಹೆಚ್ಚಿನವರು ಅಲ್ಲಿ ಬರೆಯೋದು ಮಾತ್ರ ಪೀಠಿಕೆ. ಕಂಪನಿಯ ಹಿನ್ನೆಲೆ, ಅಧ್ಯಯನದ ಉದ್ದೇಶ, ಯಾವ್ಯಾವ ಇಲಾಖೆ ಸಹಕರಿಸಿತು, ಇಷ್ಟರಲ್ಲೇ ಪುಟ ತುಂಬಿಹೋಗುತ್ತೆ. ಎಷ್ಟು ದುಡ್ಡು ಬೇಕು ಅನ್ನೋದು ಹದಿನಾಲ್ಕನೇ ಪುಟದ ಟೇಬಲ್ಲಿನಲ್ಲಿ ಅಡಗಿ ಕೂತಿರುತ್ತೆ.

ನಾನು ಪೀಣ್ಯದ ಒಂದು ಮಷಿನಿಂಗ್ ಯೂನಿಟ್‌ನಲ್ಲಿ ಅಕೌಂಟ್ಸ್ ನೋಡ್ಕೊಳ್ತೀನಿ. ಖರ್ಚಿನ ಪ್ರಸ್ತಾವಗಳೆಲ್ಲ ನನ್ನ ಟೇಬಲ್ ದಾಟಿಯೇ ಮೇಲೆ ಹೋಗಬೇಕು. ಹಾಗೆ ಬಂದ ಒಂದನ್ನು ಇವತ್ತು ಬಿಡಿಸಿ ತೋರಿಸ್ತೀನಿ. ಅಂಕಿಗಳನ್ನು ಲೆಕ್ಕಕ್ಕೆ ಸುಲಭವಾಗಲಿ ಅಂತ ಸ್ವಲ್ಪ ದುಂಡಗೆ ಮಾಡಿದ್ದೀನಿ.

ಮೇಂಟೆನೆನ್ಸ್‌ನ ಹುಡುಗ ಹದಿನೆಂಟು ಪುಟದ ರಿಪೋರ್ಟ್ ತಂದಿದ್ದ. ವಿಷಯ ನಮ್ಮ ಏರ್ ಕಂಪ್ರೆಸರ್. 37 ಕಿಲೋವ್ಯಾಟ್‌ನ ಹಳೇ ಸ್ಕ್ರೂ ಮಷೀನು, ಮೂರು ಶಿಫ್ಟೂ ಓಡುತ್ತೆ, ವರ್ಷಕ್ಕೆ 7,200 ಗಂಟೆ. ಅದರ ಬದಲು ವೇಗ ತಾನೇ ಹೊಂದಿಸಿಕೊಳ್ಳುವ ಹೊಸ ಮಷೀನು ತರೋಣ, ಸುಮಾರು 16 ಲಕ್ಷ ಅನ್ನೋದು ಅವನ ಮನಸ್ಸಿನಲ್ಲಿದ್ದ ಉತ್ತರ. ಆದರೆ ಹನ್ನೊಂದನೇ ಪುಟದಲ್ಲಿ ಒಂದು ಸಣ್ಣ ಪ್ಯಾರಾ ಇತ್ತು. ಒಂದು ಭಾನುವಾರ ಎಲ್ಲ ಸಿಎನ್‌ಸಿ ಮಷೀನುಗಳನ್ನೂ ನಿಲ್ಲಿಸಿ, ಕಂಪ್ರೆಸರ್ ಒಂದನ್ನೇ ಓಡಿಸಿ ನೋಡಿದ್ದರಂತೆ. ಗಾಳಿ ಬಳಸುವವರು ಯಾರೂ ಇಲ್ಲ ಅಂದಮೇಲೆ ಒತ್ತಡ ತುಂಬಿದ ಕೂಡಲೇ ಅದು ಅನ್‌ಲೋಡ್ ಆಗಿ ಹೆಚ್ಚುಕಮ್ಮಿ ಹಾಗೇ ಇರಬೇಕು. ಆದರೆ ಒಂದು ಗಂಟೆಯಲ್ಲಿ 18 ನಿಮಿಷ ಲೋಡ್‌ನಲ್ಲಿ ಓಡಿತ್ತು. ಅಂದರೆ ಮಷೀನಿನ ಸಾಮರ್ಥ್ಯದ ಶೇ. 30ರಷ್ಟು ಗಾಳಿ ಹರಿದ ಹೋಸು, ಸಡಿಲ ಕಪ್ಲರ್, ಹಳೇ ವಾಲ್ವುಗಳಲ್ಲಿ ಸೋರಿ ಹೋಗ್ತಿತ್ತು.

"ಇದನ್ನ ಯಾಕಪ್ಪಾ ಹನ್ನೊಂದನೇ ಪುಟದಲ್ಲಿ ಹಾಕಿದೀಯ?" ಅಂದೆ.

"ಮೇಡಂ, ಟೆಸ್ಟ್ ಮಾಡಿದ್ದು ಆಮೇಲಲ್ವಾ, ಅದಕ್ಕೇ" ಅಂದ.

ಕೆಲಸ ಮಾಡಿದ ಕ್ರಮದಲ್ಲೇ ಬರೆಯೋದು ನಮಗೆಲ್ಲ ಕಾಲೇಜಿನ ಪ್ರಾಜೆಕ್ಟ್ ರಿಪೋರ್ಟು ಹಚ್ಚಿದ ಚಾಳಿ. ಡೈರೆಕ್ಟರ್ ಓದುವ ಕ್ರಮ ಅದಕ್ಕೆ ಪೂರ್ತಿ ಉಲ್ಟಾ. ನನ್ನನ್ನು ಏನು ಕೇಳ್ತಿದ್ದಾರೆ, ಎಷ್ಟಾಗುತ್ತೆ, ಬೇಡ ಅಂದರೆ ಏನಾಗುತ್ತೆ, ಈ ಮೂರು ಸಿಕ್ಕಿದ ಮೇಲೆ ಬೇಕಾದರೆ ಮುಂದೆ ಓದುತ್ತಾರೆ. ಅದೂ ಎರಡು ಮೀಟಿಂಗ್ ನಡುವೆ, ಫೋನಿನಲ್ಲಿ. ಪಿಡಿಎಫ್ ತೆರೆದಾಗ ಜೂಮ್ ಮಾಡದೆ ಕಾಣೋದು ಮೇಲಿನ ನಾಲ್ಕೈದು ಸಾಲು ಮಾತ್ರ.

ಆ ಟೆಸ್ಟನ್ನು ಮುಂದಿಟ್ಟು ಲೆಕ್ಕ ಹಾಕಿದಾಗ ಶಿಫಾರಸೇ ಬದಲಾಯಿತು. ಈ ಕಂಪ್ರೆಸರ್ ಲೋಡ್‌ನಲ್ಲಿ ಸುಮಾರು 40 ಕಿಲೋವ್ಯಾಟ್ ಎಳೆಯುತ್ತೆ, ಅನ್‌ಲೋಡ್‌ನಲ್ಲಿ 14. ಸೋರಿಕೆ ಶೇ. 30ರಿಂದ 10ಕ್ಕೆ ಇಳಿದರೆ, 7,200 ಗಂಟೆಯಲ್ಲಿ ಶೇ. 20ರಷ್ಟು ಹೊತ್ತು 26 ಕಿಲೋವ್ಯಾಟ್ ಉಳಿಯುತ್ತೆ. ಒಟ್ಟು 37,440 ಯೂನಿಟ್. ಯೂನಿಟ್‌ಗೆ 8 ರೂಪಾಯಿ ಹಿಡಿದರೆ ವರ್ಷಕ್ಕೆ 3 ಲಕ್ಷ. ಮೊದಲೇ ಹೊಸ ಮಷೀನು ತಂದಿದ್ದರೆ, ಸೋರುವ ಗಾಳಿಯನ್ನೂ ಸೇರಿಸಿಕೊಂಡು ದೊಡ್ಡ ಸೈಜಿನದೇ ತರಬೇಕಾಗಿತ್ತು.

ಇನ್ನು ಖರ್ಚು. ಎಲ್ಲರೂ ಎಡವೋದು ಇಲ್ಲೇ. ಹುಡುಗ 'ಅಂದಾಜು 2 ಲಕ್ಷ' ಅಂತ ಬರೆದಿದ್ದ. ಅದು ಕಾಂಟ್ರಾಕ್ಟರ್ ಕೊಟೇಶನ್ನಿನ ಮೊತ್ತ, ಶೇ. 18 ಜಿಎಸ್‌ಟಿ ಸೇರಿಲ್ಲ. ಸೇರಿಸಿದರೆ 2.36 ಲಕ್ಷ. ಎರಡು ಭಾನುವಾರ ನಮ್ಮ ಹುಡುಗರ ಓಟಿ 20 ಸಾವಿರ. ಒಟ್ಟಿಗೆ ಬ್ಯಾಂಕಿನಿಂದ ಹೊರಹೋಗೋದು 2.56 ಲಕ್ಷ. ಜಿಎಸ್‌ಟಿಯ 36 ಸಾವಿರ ಇನ್‌ಪುಟ್ ಕ್ರೆಡಿಟ್ ಆಗಿ ಸಿಗೋದರಿಂದ ನಿಜವಾದ ಖರ್ಚು 2.2 ಲಕ್ಷ. ಡೈರೆಕ್ಟರ್‌ಗೆ ಎರಡು ಅಂಕಿಯೂ ಬೇಕು. ಮೊದಲನೆಯದು ಈ ತಿಂಗಳು ದುಡ್ಡು ಹೊಂದಿಸೋಕೆ, ಎರಡನೆಯದು ಲಾಭ ನಷ್ಟ ತೂಗೋಕೆ. ಒಂದನ್ನೇ ಕೊಟ್ಟರೆ 'ಜಿಎಸ್‌ಟಿ ಸೇರಿದೆಯಾ?' ಅಂತ ಮೇಲ್ ಬಂದೇ ಬರುತ್ತೆ, ಎರಡು ದಿನ ಹೋದಂಗೆ.

ಮತ್ತೊಂದು, ಸೋರಿಕೆ ಒಮ್ಮೆ ಮುಚ್ಚಿದರೆ ಮುಗಿಯಲ್ಲ, ಮತ್ತೆ ಶುರುವಾಗುತ್ತೆ. ಮೂರು ತಿಂಗಳಿಗೊಮ್ಮೆ ತಪಾಸಣೆಗೆ 15 ಸಾವಿರ, ವರ್ಷಕ್ಕೆ 60 ಸಾವಿರ. ಇದನ್ನು ಕಳೆದರೆ ನಿವ್ವಳ ಉಳಿತಾಯ 3 ಲಕ್ಷವಲ್ಲ, 2.4 ಲಕ್ಷ. ಹಾಕಿದ ದುಡ್ಡು ವಾಪಸ್ ಬರೋಕೆ 11 ತಿಂಗಳು. ಸೋರಿಕೆ ಶೇ. 15ಕ್ಕಷ್ಟೇ ಇಳಿದರೆ ನಿವ್ವಳ 1.65 ಲಕ್ಷ, ಆಗ 16 ತಿಂಗಳು. ಈ ಕೆಟ್ಟ ಲೆಕ್ಕವನ್ನೂ ಮೊದಲ ಪುಟದಲ್ಲೇ ಹಾಕಿಸಿದೆ. ಅವನಿಗೆ ಇಷ್ಟವಿರಲಿಲ್ಲ, 'ವೀಕ್ ಆಗಿ ಕಾಣುತ್ತೆ' ಅಂದ. ನನ್ನ ಅನುಭವದಲ್ಲಿ ಕೆಟ್ಟ ಲೆಕ್ಕ ಕಾಣದ ಪುಟದ ಮೇಲೇ ಡೈರೆಕ್ಟರ್‌ಗಳಿಗೆ ಅನುಮಾನ ಜಾಸ್ತಿ.

ಕೊನೆಗೆ ಪುಟದ ನೆತ್ತಿ ಹೀಗೆ ನಿಂತಿತು:

'ಗಾಳಿ ಪೈಪ್‌ಲೈನಿನ ಸೋರಿಕೆ ಸರಿಪಡಿಸಲು 2.56 ಲಕ್ಷ ರೂ. ಮಂಜೂರು ಕೋರುತ್ತೇವೆ (36 ಸಾವಿರ ಜಿಎಸ್‌ಟಿ ಕ್ರೆಡಿಟ್ ಕಳೆದು ನಿಜ ಖರ್ಚು 2.2 ಲಕ್ಷ). ನಿವ್ವಳ ಉಳಿತಾಯ ವರ್ಷಕ್ಕೆ 2.4 ಲಕ್ಷ, ಹಣ ವಾಪಸ್ 11 ತಿಂಗಳು, ತಡವೆಂದರೆ 16. ಹೊಸ ಕಂಪ್ರೆಸರ್ (16 ಲಕ್ಷ) ಈಗ ಬೇಡ. ಆರು ತಿಂಗಳ ನಂತರ ಮತ್ತೆ ಅಳೆದು ನಿರ್ಧರಿಸೋಣ. ಕೊಟೇಶನ್ ಈ 20ರವರೆಗೆ ಮಾತ್ರ, ಅಷ್ಟರೊಳಗೆ ಒಪ್ಪಿಗೆ ಬೇಕು.'

ಇದರ ಕೆಳಗೆ ಭಾನುವಾರದ ಟೆಸ್ಟ್ ಎರಡು ಸಾಲು, ಖರ್ಚಿನ ನಾಲ್ಕು ಸಾಲಿನ ಟೇಬಲ್, ಯೂನಿಟ್‌ಗೆ 8 ರೂ. ಹಿಡಿದಿದ್ದೇವೆ ಅನ್ನೋ ಮಾತು, ಏನೂ ಮಾಡದಿದ್ದರೆ ತಿಂಗಳಿಗೆ 25 ಸಾವಿರ ಬೆಸ್ಕಾಂ ಬಿಲ್ಲಿನಲ್ಲಿ ಗಾಳಿಗೆ ಹೋಗುತ್ತೆ ಅನ್ನೋದು. ಆರು ತಿಂಗಳಾದ ಮೇಲೆ ಅಳೆಯೋದು ಯಾರು ಅಂತ ಹೆಸರೂ ಹಾಕಿದೆವು. ಉಳಿದ ಹದಿನೇಳು ಪುಟ ಹಿಂದೆ ಹಾಗೇ ಇತ್ತು.

ಕೊಟೇಶನ್ನಿನ ತಾರೀಖು ಸುಮ್ಮನೆ ಹಾಕಿದ್ದಲ್ಲ. ಅಂಕಿಗಳಿಗೂ ವಯಸ್ಸಾಗುತ್ತೆ. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಕಡೆಗೆ ಹೋಗುವ ನಮ್ಮ ಮೆಟ್ರೊ ಎರಡನೇ ಹಂತ ನೋಡಿ. 2014ರಲ್ಲಿ ಮಂಜೂರಾದ ಮೊತ್ತ 26,405 ಕೋಟಿ, ಆಮೇಲೆ ಅದು 30 ಸಾವಿರ ಕೋಟಿ ದಾಟಿತು. ಯಾವ ತಾರೀಖಿನ ಬೆಲೆ ಅಂತ ಬರೆಯದ ಅಂಕಿಯನ್ನು ಆರು ತಿಂಗಳಾದ ಮೇಲೆ ತೆಗೆದು ನೋಡಿದರೆ ಏನೂ ತಿಳಿಯಲ್ಲ.

ಕಳಿಸೋ ಮುಂಚೆ ಒಂದು ಪರೀಕ್ಷೆ ಮಾಡಿದ್ವಿ. ಕಂಪ್ರೆಸರ್ ಬಗ್ಗೆ ಏನೂ ಗೊತ್ತಿಲ್ಲದ ನಮ್ಮ ಎಚ್‌ಆರ್ ಹುಡುಗಿಗೆ ಪುಟ ಕೊಟ್ಟು, ಒಂದು ನಿಮಿಷಕ್ಕೆ ವಾಪಸ್ ತಗೊಂಡು, ಏನು ಕೇಳ್ತಿದ್ದಾರೆ, ಎಷ್ಟು, ಬೇಡ ಅಂದರೆ ಏನು ಅಂತ ಕೇಳಿದೆವು. ಮೊದಲ ಸಲ 'ಹೊಸ ಕಂಪ್ರೆಸರ್‌ಗೆ 16 ಲಕ್ಷ' ಅಂದಳು. ಆಗ ಆ ಮೊತ್ತ ದಪ್ಪಕ್ಷರದಲ್ಲಿತ್ತು. ತೆಗೆದೆವು.

ಸಾಫ್ಟ್‌ವೇರಿನವರಿಗೆ ಕೊಟೇಶನ್ ಇರಲ್ಲ, ಅವರ ಖರ್ಚೆಲ್ಲ ಜನರ ಸಮಯ. ವೈಟ್‌ಫೀಲ್ಡ್‌ನಲ್ಲಿರುವ ನನ್ನ ತಂಗಿ 'ಇಬ್ಬರು ಡೆವಲಪರ್, ಆರು ವಾರ' ಅಂತ ಬರೆದು ಅದನ್ನೇ ಖರ್ಚು ಅಂದುಕೊಂಡಿದ್ದಳು. ಆ ಆರು ವಾರದ ಸಂಬಳ ಎಷ್ಟು, ಆ ಇಬ್ಬರು ಕೈಬಿಡುವ ಕೆಲಸ ಯಾವುದು, ಮುಗಿದ ಮೇಲೆ ತಿಂಗಳ ಕ್ಲೌಡ್ ಬಿಲ್ ಎಷ್ಟು ಏರುತ್ತೆ ಅಂತ ರೂಪಾಯಿಯಲ್ಲಿ ಬರಿ ಅಂದೆ. ಬರೆದು ನೋಡಿದರೆ, ಮೂರನೇ ಅಂಕಿಯೇ ಎಲ್ಲಕ್ಕಿಂತ ದೊಡ್ಡದಿತ್ತು.