ನೇರಪ್ರಸಾರ ಒಬ್ಬನ ಕೆಲಸವಲ್ಲ



2020ರ ಏಪ್ರಿಲ್ 26ರಂದು ಬಸವ ಜಯಂತಿ ಲಾಕ್‌ಡೌನ್ ನಡುವೆ ಬಂತು. ಮಠಗಳ ಅಂಗಳ ಖಾಲಿಯಾಗಿ, ಫೋನಿನ ಪರದೆಯೇ ನಮಗೆ ಮಂಟಪವಾಯಿತು. ಅಂದಿನ ಅನಿವಾರ್ಯ ಇಂದು ವಾಡಿಕೆಯಾಗಿದೆ. ಬಳಗಾನೂರಿನಂಥ ಊರಿಗೆ ನೇರಪ್ರಸಾರ ಬೇಕು. ದುಡಿಮೆಗೆಂದು ಬೆಂಗಳೂರು, ಪುಣೆ ಸೇರಿದವರು ಹಬ್ಬದ ಸಂಜೆ ಊರನ್ನು ಕಾಣುವುದು ಅದರಲ್ಲೇ. ಆದರೆ ಆ ಕೆಲಸವನ್ನು ನಾವು ಇಂದಿಗೂ 'ಫೋನ್ ಬಲ್ಲ ಒಬ್ಬ ಹುಡುಗ'ನ ತಲೆಗೆ ಕಟ್ಟುತ್ತಿದ್ದೇವೆ. ಇದು ನಿಲ್ಲಬೇಕು.

ನಮ್ಮ ಭಾಗದ ಒಂದು ಉತ್ಸವದಲ್ಲಿ ನಾನು ಕಂಡದ್ದನ್ನು ಹೇಳುತ್ತೇನೆ. ಬೆಳಿಗ್ಗೆ ಪರೀಕ್ಷಿಸಿದಾಗ ಯೂಟ್ಯೂಬ್ ಪ್ರಸಾರ ಚೆನ್ನಾಗಿತ್ತು. ಸಂಜೆ ಜನ ಸೇರಿ, ಎಲ್ಲರೂ ಫೋನ್ ಎತ್ತಿ ವಿಡಿಯೋ ಕಳಿಸತೊಡಗಿದಾಗ ಒಂದೇ ಟವರಿನ ಮೇಲೆ ಹೊರೆ ಬಿದ್ದು ಚಿತ್ರ ನಿಂತುಹೋಯಿತು. ಗಾಬರಿಯಾದ ಹುಡುಗ ಪ್ರಸಾರ ಮುಗಿಸಿ ಹೊಸದನ್ನು ಶುರುಮಾಡಿದ. ಹೊಸ ಪ್ರಸಾರಕ್ಕೆ ಹೊಸ ಲಿಂಕ್. ದೂರದೂರಿನವರು ಹಳೆಯ ಲಿಂಕಿನಲ್ಲೇ ಕಾಯುತ್ತಾ ಉಳಿದರು. ಅಷ್ಟರಲ್ಲಿ ಚಾಟಿನಲ್ಲಿ ಯಾರೋ ಜಾತಿ ಹಿಡಿದು ಬೈಯತೊಡಗಿದ್ದರು. ಅದನ್ನು ನೋಡಲು ಆ ಹುಡುಗನಿಗೆ ಕೈಯೂ ಬಿಡುವಿರಲಿಲ್ಲ, ಕಣ್ಣೂ ಬಿಡುವಿರಲಿಲ್ಲ.

ಆದ್ದರಿಂದ ಮೂವರು ಬೇಕು. ಒಬ್ಬರು ಕ್ಯಾಮೆರಾ ಮತ್ತು ಧ್ವನಿಗೆ. ಇನ್ನೊಬ್ಬರು ಚಾಟ್ ಕಾಯುವ ಮಾಡರೇಟರ್. ಮೂರನೆಯವರು ಪೆಂಡಾಲಿನಿಂದ ದೂರ, ಮನೆಯಲ್ಲಿ ಬೇರೆ ಕಂಪನಿಯ ಸಿಮ್‌ನಲ್ಲಿ ಪ್ರಸಾರ ನೋಡುತ್ತಾ ಕೂರುವವರು. ಕ್ಯಾಮೆರಾದವನ ಪರದೆಯಲ್ಲಿ ಎಲ್ಲ ಸರಿಯಾಗಿ ಕಂಡರೂ ಹೊರಗೆ ಚಿತ್ರ ನಿಂತಿರಬಹುದು. ಅದು ಮೊದಲು ತಿಳಿಯುವುದು ಈ ಮೂರನೆಯವರಿಗೇ. ಹೊರಗಿನ ಚಿತ್ರ ಸಾಮಾನ್ಯವಾಗಿಯೇ ಕೆಲವು ಸೆಕೆಂಡು ತಡವಾಗಿ ಬರುತ್ತದೆ. ಅಷ್ಟಕ್ಕೇ ಅವರು ಗಾಬರಿಯಾಗಬಾರದು.

ಸಂಪರ್ಕ ಕಡಿದಾಗ ಏನು ಮಾಡಬೇಕೆಂಬುದು ಮೊದಲೇ ಬರೆದಿರಲಿ. ಲ್ಯಾಪ್‌ಟಾಪಿನಿಂದ ಪ್ರಸಾರ ಮಾಡುವುದಾದರೆ ಯೂಟ್ಯೂಬ್‌ನಲ್ಲಿ `Auto-stop` ಎಂಬುದನ್ನು ಮುಂಚೆಯೇ ಆಫ್ ಮಾಡಿಡಿ. ಆಗ ನೆಟ್ ಹೋದ ಮಾತ್ರಕ್ಕೆ ಪ್ರಸಾರ ಮುಗಿದುಹೋಗುವುದಿಲ್ಲ. ಮರಳಿ ಜೋಡಿಸಿದರೆ ಅದೇ ಲಿಂಕಿನಲ್ಲಿ ಮುಂದುವರಿಯುತ್ತದೆ. ಅರ್ಧ ನಿಮಿಷ ಕಾಯಿರಿ. ಬಹಳ ಸಲ ತಂತ್ರಾಂಶವೇ ಮರುಜೋಡಿಸಿಕೊಳ್ಳುತ್ತದೆ. ಆಗದಿದ್ದರೆ ಇನ್ನೊಂದು ಕಂಪನಿಯ ಸಿಮ್ ಇರುವ ಫೋನಿನ ಹಾಟ್‌ಸ್ಪಾಟ್‌ಗೆ ಬದಲಿಸಿ. ಅಷ್ಟರಲ್ಲಿ ಮಾಡರೇಟರ್ ಚಾಟಿನಲ್ಲೂ ವಾಟ್ಸ್ಆ್ಯಪ್ ಬಳಗದಲ್ಲೂ 'ಇದೇ ಲಿಂಕಿನಲ್ಲಿ ಇರಿ, ಮರಳಿ ಬರುತ್ತೇವೆ' ಎಂದು ತಿಳಿಸಲಿ. ಪ್ರಸಾರ ಮುಗಿಸುವ ಗುಂಡಿಯನ್ನು ಮಾತ್ರ ಯಾರೂ ಒತ್ತಬಾರದು.

ಆಮೇಲೂ ನೆಟ್ ನಿಧಾನವಾಗಿದ್ದರೆ ಚಿತ್ರದ ಗುಣಮಟ್ಟ ಇಳಿಸಿ. 720ಪಿ ಚಿತ್ರ ಕಳಿಸಲು ಸುಮಾರು 4 ಎಂಬಿಪಿಎಸ್ ಅಪ್‌ಲೋಡ್ ವೇಗ ಬೇಕಾದರೆ, 480ಪಿಗೆ ಅದರ ಕಾಲು ಭಾಗದಲ್ಲೂ ಪ್ರವಚನ ಸಾಗುತ್ತದೆ. ಮಸುಕಾದ ಚಿತ್ರವನ್ನು ಜನ ಸಹಿಸುತ್ತಾರೆ, ಕಡಿದ ಮಾತನ್ನು ಸಹಿಸುವುದಿಲ್ಲ. ಲ್ಯಾಪ್‌ಟಾಪಿನಲ್ಲಿ ರೆಕಾರ್ಡಿಂಗ್ ನಡೆಯುತ್ತಲೇ ಇರಲಿ, ತಪ್ಪಿದ ಭಾಗವನ್ನು ಮರುದಿನ ಹಾಕಬಹುದು. ಪರೀಕ್ಷೆಯನ್ನು ಖಾಲಿ ಪೆಂಡಾಲಿನಲ್ಲಿ ಮಾಡಿ ನಂಬಬೇಡಿ. ಹಿಂದಿನ ಸಂಜೆ ಜನ ಸೇರಿದ ಹೊತ್ತಿನಲ್ಲೇ ಮಾಡಿ.

ಇನ್ನು ಮಾಡರೇಟರ್ ವಿಷಯ. ನನ್ನ ಮುಖ್ಯ ತಕರಾರು ಇಲ್ಲಿದೆ. ಜಗಳ ಬೇಡವೆಂದು ಕೆಲವರು ಚಾಟನ್ನೇ ಮುಚ್ಚುತ್ತಾರೆ. ಅನುಭವ ಮಂಟಪದ ಹೆಸರು ಹೇಳುವ ನಾವು ಕೇಳುಗರ ಬಾಯಿ ಮುಚ್ಚುವುದೇ? ಬೈಗುಳ ಬೇರೆ, ಭಿನ್ನಾಭಿಪ್ರಾಯ ಬೇರೆ. ಬೈಗುಳದ ಪದಗಳನ್ನು ಕನ್ನಡದಲ್ಲೂ ಇಂಗ್ಲಿಷ್ ಅಕ್ಷರಗಳಲ್ಲೂ ಮೊದಲೇ ತಡೆಪಟ್ಟಿಗೆ ಸೇರಿಸಬಹುದು. ಆದರೆ 'ಲಿಂಗಾಯತ', 'ವೀರಶೈವ' ಎಂಬ ಪದಗಳು ಆ ಪಟ್ಟಿಗೆ ಸೇರಕೂಡದು. ಆ ಚರ್ಚೆ ನಮಗೆ ಇರುಸುಮುರುಸಾದರೂ ಅದು ಪ್ರಶ್ನೆಯೇ ಹೊರತು ಅಪರಾಧವಲ್ಲ. ವ್ಯಕ್ತಿಯನ್ನೋ ಜಾತಿಯನ್ನೋ ಹೀಯಾಳಿಸಿದ ಸಂದೇಶವನ್ನು ಅಳಿಸಲಿ. ಮತ್ತೆ ಅದನ್ನೇ ಮಾಡಿದವರನ್ನು ಸ್ವಲ್ಪ ಹೊತ್ತು ತಡೆಹಿಡಿಯಲಿ. ಚಾನೆಲ್‌ನಿಂದಲೇ ಒಬ್ಬರನ್ನು ಮರೆಮಾಡುವುದನ್ನು ಮಾತ್ರ ಮಾಡರೇಟರ್ ಒಬ್ಬರೇ ತೀರ್ಮಾನಿಸದೆ ಸಮಿತಿಯ ಹಿರಿಯರೊಬ್ಬರನ್ನು ಕೇಳಿ ಮಾಡಲಿ. ಒಳ್ಳೆಯ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದು ವೇದಿಕೆಗೆ ಕಳಿಸಲಿ, ಪೂಜ್ಯರು ಉತ್ತರಿಸಲಿ. ಈ ಹೊಣೆಗೆ ಅಕ್ಕನ ಬಳಗದ ತಾಯಂದಿರು ಏಕಾಗಬಾರದು?

ಬರುವ ಬಸವ ಜಯಂತಿಯ ಪೂರ್ವಭಾವಿ ಸಭೆಯಲ್ಲಿ ದಾಸೋಹಕ್ಕೆ ಯಾರು, ಪೆಂಡಾಲಿಗೆ ಯಾರು ಎಂದು ಬರೆಯುವ ಹಾಳೆಯಲ್ಲೇ ಈ ಮೂವರ ಹೆಸರನ್ನೂ ಬರೆಯಿರಿ. ಪುಣೆಯಲ್ಲಿ ಕುಳಿತು ನೋಡುವ ಮಗಳೂ ಆ ಸಂಜೆ ನಮ್ಮ ಮಂಟಪದಲ್ಲೇ ಕುಳಿತಿರುತ್ತಾಳೆ.