ಬಾಡಿಗೆ ಮನೆಗೆ ಬೆರಳಚ್ಚಿನ ಬೀಗ

ಬೆರಳಚ್ಚಿನಿಂದಲೋ ಅಂಕಿ ಒತ್ತಿಯೋ ತೆರೆಯುವ ಬೀಗವನ್ನು ಬಾಡಿಗೆ ಫ್ಲ್ಯಾಟಿಗೆ ಹಾಕಿಸುವ ಗೃಹಸ್ಥರು, ಕರೆಂಟು ಹೋದರೆ ಗತಿಯೇನೆಂದು ಚಿಂತಿಸುವುದುಂಟು. ಇಂತಹ ಬೀಗಗಳಲ್ಲಿ ಬಹುಪಾಲು ನಾಲ್ಕು ಪೆನ್ಸಿಲ್ ಸೆಲ್ಲುಗಳಿಂದ ನಡೆಯುತ್ತವೆ. ಮನೆಯ ವಿದ್ಯುತ್ತಿನ ಗೊಡವೆ ಅವಕ್ಕಿಲ್ಲ. ನಾವು ಗಮನಿಸಬೇಕಾದದ್ದು ಸೆಲ್ಲುಗಳನ್ನು.

ಸಾಮಾನ್ಯ ಬಳಕೆಯಲ್ಲಿ ಅವು 6 ತಿಂಗಳಿಂದ ಒಂದು ವರ್ಷದವರೆಗೆ ಬಾಳುತ್ತವೆ. ಶಕ್ತಿ ಕುಂದಿದಾಗ ಬೀಗವು ಕೆಂಪು ದೀಪದಿಂದಲೋ ಸದ್ದಿನಿಂದಲೋ ಎಚ್ಚರಿಸುತ್ತದೆ. ಆಗಲೇ ನಾಲ್ಕನ್ನೂ ಒಟ್ಟಿಗೆ ಬದಲಿಸಬೇಕು. ಹಳೆಯವುಗಳೊಡನೆ ಹೊಸದನ್ನು ಬೆರೆಸಬಾರದು.

ದಾವಣಗೆರೆಯ ಕುಟುಂಬವೊಂದು ಈ ಎಚ್ಚರಿಕೆಯನ್ನು ಕಡೆಗಣಿಸಿ, ಹರಿಹರದ ಬಂಧುಗಳ ಮನೆಗೆ ಹೋಗಿ ರಾತ್ರಿ ಮರಳಿತೆನ್ನೋಣ. ಬೀಗ ಸ್ತಬ್ಧವಾಗಿದೆ. ಅದರ ಹೊರಭಾಗದ ತಳದಲ್ಲಿ ಎರಡು ಲೋಹದ ಬಿಂದುಗಳಿದ್ದರೆ, 9 ವೋಲ್ಟಿನ ಚೌಕ ಬ್ಯಾಟರಿಯನ್ನು ಅವಕ್ಕೆ ಒತ್ತಿ ಹಿಡಿಯಬೇಕು. ಯುಎಸ್‌ಬಿ ಕಿಂಡಿಯಿದ್ದರೆ ಮೊಬೈಲಿನ ಪವರ್ ಬ್ಯಾಂಕ್ ಜೋಡಿಸಬೇಕು. ಹಾಗೆ ಹಿಡಿದಿರುವಾಗಲೇ ಬೆರಳಿಡಬೇಕು ಅಥವಾ ಅಂಕಿ ಒತ್ತಬೇಕು. ಹೊರಗಿನ ಬ್ಯಾಟರಿ ಬೀಗಕ್ಕೆ ಶಕ್ತಿ ಕೊಡುತ್ತದೆಯೇ ಹೊರತು ತಾನೇ ಬಾಗಿಲು ತೆರೆಯದು.

ಬೀಗದ ಯಂತ್ರವೇ ಕೆಟ್ಟರೆ, ಜೊತೆಗೆ ಬಂದ ತುರ್ತು ಕೀಲಿಕೈಯೊಂದೇ ದಾರಿ. ಅದನ್ನು ಮನೆಯೊಳಗಿನ ಕಪಾಟಿನಲ್ಲಿಟ್ಟರೆ ಇದ್ದೂ ಇಲ್ಲದಂತೆ. ಹರಿಹರದಲ್ಲಿಟ್ಟರೆ ಅಪರಾತ್ರಿಯಲ್ಲಿ ಸುಮಾರು 14 ಕಿ.ಮೀ. ಹಿಂದಿರುಗಬೇಕಾದೀತು. ಆದುದರಿಂದ ಸಮೀಪದಲ್ಲೇ ಇರುವ ನಂಬಿಕಸ್ಥರಲ್ಲಿ ಒಂದನ್ನು ಇರಿಸುವುದು ಲೇಸು.

ಬಾಗಿಲು ಕೊರೆಯುವ ಮುನ್ನ ಮಾಲೀಕರ ಒಪ್ಪಿಗೆ ಪಡೆಯಬೇಕು. ಬೀಗವನ್ನು ಅಲ್ಲಿಯೇ ಬಿಟ್ಟು ಹೋಗುವುದಾದರೆ, ಅದರಲ್ಲಿನ ನಮ್ಮ ಬೆರಳಚ್ಚುಗಳನ್ನೂ ಗುಪ್ತ ಅಂಕಿಯನ್ನೂ ಅಳಿಸಿಯೇ ಮನೆ ಒಪ್ಪಿಸಬೇಕು.